38 ಅಂದರೆ ಎಷ್ಟು? ಗಡಿಯಲ್ಲಿ ನಿಂತ ಎಐ ಅಂಕೆಯ ಲೆಕ್ಕ

ಪ್ರಶ್ನೆ: ಸರ್, ನಾನು ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ಈ ಸಲ ಸೆಕೆಂಡ್ ಬಿ.ಕಾಂನ 120 ಮಕ್ಕಳ ಇಂಗ್ಲಿಷ್ ಅಸೈನ್‌ಮೆಂಟನ್ನು ಎಐ ಪತ್ತೆ ಮಾಡುವ ಸಾಫ್ಟ್‌ವೇರಿಗೆ ಹಾಕಿದೆವು. ಒಬ್ಬ ಹುಡುಗಿಗೆ 38 ಪರ್ಸೆಂಟ್ ಬಂದಿದೆ. ಕನ್ನಡ ಮೀಡಿಯಂನಿಂದ ಬಂದವಳು, ಕ್ಲಾಸಲ್ಲಿ ಮಾತು ಕಮ್ಮಿ. ತಾನೇ ಬರೆದದ್ದು ಅಂತ ಅಳುತ್ತಾಳೆ. ನಮ್ಮ ಎಚ್‌ಒಡಿ 30 ದಾಟಿದರೆ ಸೊನ್ನೆ ಅಂತಾರೆ. ಸಾಫ್ಟ್‌ವೇರ್ ತಪ್ಪುವುದು ನೂರಕ್ಕೆ ಒಂದು ಸಲವಂತೆ. ಹಾಗಾದರೆ ಅವಳು ಎಐಯಿಂದ ಬರೆಸಿರುವುದು 99 ಪರ್ಸೆಂಟ್ ಗ್ಯಾರಂಟಿ ಅಲ್ವಾ? ಅರ್ಧ ಅಂಕ ಕಳೆದು ಮುಗಿಸಿಬಿಡಲಾ? ಹೆಸರು ತೆಗೆದು ರಿಪೋರ್ಟ್ ಜೊತೆಗೆ ಇಟ್ಟಿದ್ದೇನೆ.

ಉತ್ತರ:

ಮೇಡಂ, ಸೊನ್ನೆಯೂ ಬೇಡ, ಅರ್ಧವೂ ಬೇಡ. ಆ ಒಂದು ಅಸೈನ್‌ಮೆಂಟಿಗೆ ಅಂಕ ಹಾಕುವುದನ್ನು ಒಂದು ವಾರ ಮುಂದೆ ಹಾಕಿ. ಅಷ್ಟರಲ್ಲಿ ಮಾಡಬೇಕಾದ ಒಂದೆರಡು ಕೆಲಸ ಇದೆ. ಅದಕ್ಕೂ ಮೊದಲು ಆ 99ರ ಲೆಕ್ಕ ಸರಿ ಮಾಡಿಕೊಳ್ಳೋಣ. ನಾನು ಮೂವತ್ತು ವರ್ಷ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದವನು. ಈ ತಪ್ಪನ್ನು ಮಕ್ಕಳಿಗಿಂತ ಮೇಷ್ಟ್ರುಗಳೇ ಜಾಸ್ತಿ ಮಾಡುವುದನ್ನು ನೋಡಿದ್ದೇನೆ.

ಮಲ್ಪೆಯ ಮೀನುಗಾರರ ಮನೆಗಳಲ್ಲಿ ನೂರಕ್ಕೆ 99 ಮಂದಿ ಮೀನು ತಿನ್ನುತ್ತಾರೆ ಅಂತ ಇಟ್ಟುಕೊಳ್ಳಿ. ಹಾಗಂತ ಉಡುಪಿಯಲ್ಲಿ ಮೀನು ತಿನ್ನುವ ನೂರು ಜನರನ್ನು ನಿಲ್ಲಿಸಿದರೆ ಅದರಲ್ಲಿ 99 ಮಂದಿ ಮೀನುಗಾರರ ಮನೆಯವರೇ ಇರುತ್ತಾರಾ? ಇಲ್ಲವಲ್ಲ. ಇಲ್ಲೂ ಅದೇ ಕತೆ. ಸಾಫ್ಟ್‌ವೇರಿನವರು ಹೇಳುವ 1 ಪರ್ಸೆಂಟ್ ಪ್ರಾಮಾಣಿಕವಾಗಿ ಬರೆದವರ ಮೇಲಿನ ಲೆಕ್ಕ. ತಾನೇ ಬರೆದ ನೂರು ಮಕ್ಕಳಲ್ಲಿ ಎಷ್ಟು ಮಂದಿಯ ಮೇಲೆ ಸುಮ್ನೆ ಗುಮಾನಿ ಬೀಳುತ್ತದೆ ಅನ್ನುವುದಕ್ಕೆ ಅದು ಉತ್ತರ. ನಿಮಗೆ ಬೇಕಾದ ಉತ್ತರ ಬೇರೆ. ಗುಮಾನಿ ಬಿದ್ದವರಲ್ಲಿ ತಾನೇ ಬರೆದವರು ಎಷ್ಟು? ಇದನ್ನು ಯಾವ ಸಾಫ್ಟ್‌ವೇರೂ ಹೇಳಲಾರದು. ಯಾಕೆಂದರೆ ನಿಮ್ಮ ಕ್ಲಾಸಲ್ಲಿ ಒಟ್ಟು ಎಷ್ಟು ಮಂದಿ ಬರೆಸಿಕೊಂಡಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ನಿಮ್ಮ 120 ಮಕ್ಕಳನ್ನೇ ತೆಗೆದುಕೊಳ್ಳೋಣ. 20 ಮಂದಿ ಎಐಯಿಂದ ಬರೆಸಿದ್ದಾರೆ, 100 ಮಂದಿ ತಾವೇ ಬರೆದಿದ್ದಾರೆ ಅಂದುಕೊಳ್ಳಿ. ತಪ್ಪು ಗುಮಾನಿ ಕಡಿಮೆ ಮಾಡುವ ಸಲುವಾಗಿ ಎಐ ಬರಹದಲ್ಲಿ ಸುಮಾರು 15 ಪರ್ಸೆಂಟ್ ತಪ್ಪಿಸಿಕೊಂಡು ಹೋದರೂ ಬಿಡುತ್ತೇವೆ ಅಂತ ಇಂಥ ಸಾಫ್ಟ್‌ವೇರ್ ಮಾಡುವ ಟರ್ನಿಟಿನ್ ಕಂಪನಿಯವರೇ 2023ರಲ್ಲಿ ಹೇಳಿದ್ದರು. ಆ ಲೆಕ್ಕದಲ್ಲಿ 20ರಲ್ಲಿ 17 ಮಂದಿ ಸಿಕ್ಕಿಬೀಳುತ್ತಾರೆ. ತಪ್ಪು ಗುಮಾನಿ ನಿಜಕ್ಕೂ 1 ಪರ್ಸೆಂಟ್ ಆದರೆ ಒಬ್ಬ ಪ್ರಾಮಾಣಿಕ ಹುಡುಗ ಜೊತೆಗೆ ಸಿಗುತ್ತಾನೆ. ನಿಮ್ಮ ಮಕ್ಕಳ ಇಂಗ್ಲಿಷಿನ ಮೇಲೆ ಅದು 5 ಪರ್ಸೆಂಟ್ ಆದರೆ ಐದು ಮಂದಿ. ಆಗ ಸಿಕ್ಕಿಬಿದ್ದ 22ರಲ್ಲಿ 5 ಮಂದಿ ಏನೂ ಮಾಡದವರು. ಇನ್ನು ಬರೆಸಿಕೊಂಡವರೇ ಕಮ್ಮಿ ಇದ್ದರೆ? 120ರಲ್ಲಿ ಐದೇ ಮಂದಿ ಅನ್ನಿ. ಅದರಲ್ಲಿ ನಾಲ್ವರು ಸಿಗುತ್ತಾರೆ. ಉಳಿದ 115ರಲ್ಲಿ 5 ಪರ್ಸೆಂಟ್ ಅಂದರೆ ಸುಮಾರು ಆರು ಮಂದಿ. ಸಿಕ್ಕಿದ ಹತ್ತರಲ್ಲಿ ಆರು ಮಂದಿ ಪ್ರಾಮಾಣಿಕರು! ಸಾಫ್ಟ್‌ವೇರ್ ಅದೇ, ಅದರ ತಪ್ಪಿನ ಪ್ರಮಾಣವೂ ಅದೇ. ಬದಲಾದದ್ದು ಕ್ಲಾಸು ಮಾತ್ರ.

ಇಷ್ಟು ಎಲ್ಲ ಕಡೆ ಹೇಳುವ ಲೆಕ್ಕ. ನಿಮ್ಮ ಹುಡುಗಿಯ ವಿಷಯದಲ್ಲಿ ಇನ್ನೊಂದು ಇದೆ, ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆ 22 ಮಂದಿ ಎಲ್ಲರೂ ಒಂದೇ ಅಂಕೆಯಲ್ಲಿ ನಿಂತಿರುವುದಿಲ್ಲ. ಪೂರ್ತಿ ಬರೆಸಿಕೊಂಡು ಹಾಗೇ ಅಂಟಿಸಿದವರ ಅಂಕೆ ಹೆಚ್ಚಾಗಿ ಮೇಲೆ, 80, 90ರ ಹತ್ತಿರ ಇರುತ್ತದೆ. ತಾವೇ ಬರೆದೂ ಸಿಕ್ಕಿಬಿದ್ದವರದು ಕೆಳಗೆ, ಗೆರೆಯ ಆಸುಪಾಸಿನಲ್ಲಿ ಇರುತ್ತದೆ. ಟರ್ನಿಟಿನ್‌ನವರು 20ಕ್ಕಿಂತ ಕೆಳಗೆ ಬಂದರೆ ಅಂಕೆಯನ್ನೇ ತೋರಿಸದೆ ಬರೀ ನಕ್ಷತ್ರದ ಗುರುತು ಹಾಕುವುದು ಇದೇ ಕಾರಣಕ್ಕೆ. ಅಲ್ಲಿ ತಪ್ಪು ಗುಮಾನಿ ಜಾಸ್ತಿ ಅಂತ ಅವರೇ ಒಪ್ಪಿದ್ದಾರೆ. ಆದರೆ 19ಕ್ಕೆ ಇದ್ದ ಅನುಮಾನ 21ಕ್ಕೆ ಬಂದ ಕೂಡಲೇ ಮಾಯವಾಗುವುದಿಲ್ಲವಲ್ಲ. ಮೊದಲಿನ ಲೆಕ್ಕದ 17 ಮಂದಿಯಲ್ಲಿ 14 ಮಂದಿ ತೀರಾ ಮೇಲೆ, ಮೂವರು 20ರಿಂದ 50ರ ನಡುವೆ ಅಂದುಕೊಳ್ಳಿ. ಐದು ಪ್ರಾಮಾಣಿಕರಲ್ಲಿ ಒಬ್ಬ ಮೇಲೆ, ನಾಲ್ವರು ಈ ನಡುವಿನ ಜಾಗದಲ್ಲಿ. ಆಗ ನಡುವೆ ಇರುವ ಏಳು ಮಂದಿಯಲ್ಲಿ ನಾಲ್ವರು ಏನೂ ತಪ್ಪು ಮಾಡಿಲ್ಲ. ನಿಮ್ಮ ಹುಡುಗಿ ನಿಂತಿರುವುದು ಅಲ್ಲಿ. ಈ ಹಂಚಿಕೆ ನಾನು ಊಹಿಸಿಕೊಂಡದ್ದು, ನಿಮ್ಮಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಆದರೆ 1 ಪರ್ಸೆಂಟ್ ಅನ್ನುವುದು ಎಲ್ಲರ ಸರಾಸರಿ, ಗಡಿಯಲ್ಲಿ ನಿಂತವರ ಲೆಕ್ಕವೇ ಬೇರೆ. ಇಷ್ಟನ್ನು ನಿಮ್ಮ ಎಚ್‌ಒಡಿಯವರಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿ.

30ರ ಗೆರೆ ಎಲ್ಲಿಂದ ಬಂತೋ. ನನ್ನ ಗುಮಾನಿ, ಅದು ಕೃತಿಚೌರ್ಯದ ಕಡೆಯಿಂದ ಜಾರಿ ಬಂದ ಅಭ್ಯಾಸ. ಯುಜಿಸಿಯ 2018ರ ನಿಯಮದಲ್ಲಿ 10, 40, 60 ಅಂತ ಹಂತಗಳಿವೆ. ಪಿಎಚ್‌ಡಿ ಪ್ರಬಂಧ ಚೆಕ್ ಮಾಡಿಸಿದವರಿಗೆಲ್ಲ ಅದು ಬಾಯಿಪಾಠ. ಆದರೆ ಅದು ಬೇರೆ ಬರಹದ ಜೊತೆ ಎಷ್ಟು ಹೋಲುತ್ತದೆ ಅನ್ನುವ ಅಳತೆ. ಅಲ್ಲಿ ಮೂಲ ಪುಸ್ತಕ ಎದುರಿಗಿರುತ್ತದೆ, ಸಾಲಿಗೆ ಸಾಲು ಇಟ್ಟು ನೋಡಬಹುದು, ಮಕ್ಕಳೂ ಒಪ್ಪಲೇಬೇಕಾಗುತ್ತದೆ. ಎಐ ಅಂಕೆಗೆ ಹಾಗೆ ತೋರಿಸುವ ಮೂಲ ಯಾವುದೂ ಇಲ್ಲ. ಅದು ಒಂದು ಅಂದಾಜು, ಅಷ್ಟೇ. ಜೊತೆಗೆ, ಟರ್ನಿಟಿನ್‌ನಂಥದ್ದರಲ್ಲಿ 38 ಅಂದರೆ ಬರಹದ ನೂರರಲ್ಲಿ 38 ಭಾಗ ಎಐ ಥರ ಕಾಣುತ್ತದೆ ಅಂತ. ಬೇರೆ ಕೆಲವು ಸಾಧನಗಳಲ್ಲಿ ಅದೇ ಅಂಕೆ ಇಡೀ ಬರಹ ಎಐದು ಅನ್ನಲು ಅದಕ್ಕಿರುವ ಧೈರ್ಯದ ಅಳತೆ. ನಿಮ್ಮ ಸಾಧನ ಯಾವ ಬಗೆಯದು ಅಂತ ಅದರ ಹೆಲ್ಪ್ ಪುಟದಲ್ಲಿ ಮೊದಲು ನೋಡಿಕೊಳ್ಳಿ. ನೀವು ಕಳಿಸಿದ ರಿಪೋರ್ಟಿನಲ್ಲಿ ಸಾಲುಗಳಿಗೆ ಬಣ್ಣ ಬಳಿದಿರುವುದರಿಂದ ಮೊದಲನೆಯದು ಅಂತ ತಿಳಿದು ಮುಂದೆ ಹೋಗುತ್ತೇನೆ.

ಆ ಬಣ್ಣ ಎಲ್ಲಿ ಬಿದ್ದಿದೆ ಅಂತ ನೋಡಿದಿರಾ? ಸ್ವಸಹಾಯ ಸಂಘಗಳ ಮೇಲಿನ ಆ ಅಸೈನ್‌ಮೆಂಟ್ ಸುಮಾರು 900 ಪದ. 38 ಅಂದರೆ 340 ಪದ. ನಾನು ಪೆನ್ಸಿಲ್ ಹಿಡಿದು ಎಣಿಸಿದೆ. ಪೀಠಿಕೆಯಲ್ಲಿ ಸುಮಾರು 90 ಪದ. ಸ್ವಸಹಾಯ ಸಂಘ ಎಂದರೇನು, ಅದರ ಲಕ್ಷಣಗಳೇನು, ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿದ್ದು, ಇದೆಲ್ಲ ಸೇರಿ 150 ಪದ. ಉಪಸಂಹಾರದಲ್ಲಿ 100. ತನ್ನ ತಾಯಿಯ ಸಂಘದಲ್ಲಿ ವಾರಕ್ಕೆ ಎಷ್ಟು ಉಳಿತಾಯ ಕಟ್ಟುತ್ತಾರೆ, ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದ ತಿಂಗಳಲ್ಲಿ ಕಂತು ಕಟ್ಟಲು ಯಾಕೆ ಕಷ್ಟ ಅಂತ ಬರೆದ ಭಾಗಕ್ಕೆ ಒಂದು ಹನಿ ಬಣ್ಣ ಬಿದ್ದಿಲ್ಲ.

ಇದು ಯಾಕೆ ಹೀಗೆ ಅಂತ ಹೇಳುತ್ತೇನೆ. ಈ ಸಾಧನಗಳು ನೋಡುವ ಮುಖ್ಯ ಸಂಗತಿ ಒಂದು: ಒಂದು ಪದದ ನಂತರ ಬರುವ ಪದವನ್ನು ಎಷ್ಟು ಸಲೀಸಾಗಿ ಊಹಿಸಬಹುದು? ಎಐ ಬರೆಯುವುದೇ ಊಹೆಗೆ ಹತ್ತಿರದ ಪದಗಳನ್ನು ಪೋಣಿಸಿ. ಹಾಗಾಗಿ ಬರಹ ತುಂಬಾ ನಯವಾಗಿ, ಊಹಿಸಿದಂತೆಯೇ ಹೋದರೆ ಗುಮಾನಿ. ಈಗ ನಮ್ಮ ಕನ್ನಡ ಮೀಡಿಯಂ ಮಕ್ಕಳನ್ನು ನೆನೆಸಿಕೊಳ್ಳಿ. ಇಂಗ್ಲಿಷ್ ಅವರಿಗೆ ಬಂದದ್ದು ಗೈಡುಗಳಿಂದ, ಪ್ರಬಂಧ ಬಾಯಿಪಾಠ ಮಾಡಿ. ಪೀಠಿಕೆ ಅಂದರೆ 'ಪ್ಲೇಸ್ ಎ ವೈಟಲ್ ರೋಲ್' ಇರಲೇಬೇಕು, ಉಪಸಂಹಾರ ಅಂದರೆ 'ಟು ಕನ್‌ಕ್ಲೂಡ್' ಇರಲೇಬೇಕು. ನಾವೇ ಕಲಿಸಿದ್ದಲ್ವಾ? ತಪ್ಪಾಗದಿರಲಿ ಅಂತ ಗೊತ್ತಿರುವ ಸಣ್ಣ ಪದಗಳನ್ನೇ ಹಾಕುತ್ತಾರೆ. ಅದನ್ನು ಯಂತ್ರ ಸುಲಭವಾಗಿ ಊಹಿಸುತ್ತದೆ. ವ್ಯಾಖ್ಯೆಗಳದ್ದೂ ಅದೇ ಹಣೆಬರಹ, ಅದನ್ನು ಬೇರೆ ಬೇರೆ ಥರ ಬರೆಯಲು ಜಾಗವೇ ಇಲ್ಲ. ತಾಯಿಯ ಸಂಘದ ಕಂತಿನ ಕತೆಯನ್ನು ಮಾತ್ರ ಯಾವ ಯಂತ್ರವೂ ಮುಂಚೆ ಓದಿಲ್ಲ.

ಇದು ಬರೀ ನನ್ನ ಅನಿಸಿಕೆ ಅಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದದ್ದು. ಸರಾಸರಿ 61 ಪರ್ಸೆಂಟನ್ನು ಅವು ಎಐ ಅಂದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳನ್ನು ಮಾತ್ರ ಹೆಚ್ಚುಕಡಿಮೆ ಸರಿಯಾಗಿ ಗುರುತಿಸಿದವು. ಅವು ಆ ಕಾಲದ ಸಾಧನಗಳು, ಪ್ರಬಂಧಗಳೂ ಚಿಕ್ಕವು, ಟರ್ನಿಟಿನ್ ಅದರಲ್ಲಿ ಇರಲಿಲ್ಲ. ಹಾಗಾಗಿ ಆ 61ನ್ನು ನಿಮ್ಮ ಕಾಲೇಜಿಗೆ ಹಚ್ಚಬೇಡಿ. ನಾನು ಅದರಲ್ಲಿ ನೋಡುವುದು ಇನ್ನೊಂದು ಅಂಕೆ. 91ರಲ್ಲಿ 89 ಪ್ರಬಂಧಗಳ ಮೇಲೆ ಏಳರಲ್ಲಿ ಕನಿಷ್ಠ ಒಂದು ಸಾಧನವಾದರೂ ಬೆರಳು ತೋರಿಸಿತ್ತು. ಒಂದರಲ್ಲಿ ಅನುಮಾನ ಬಂತು, ಇನ್ನೊಂದರಲ್ಲಿ ಹಾಕಿ ನೋಡೋಣ, ಮತ್ತೊಂದರಲ್ಲಿ ನೋಡೋಣ ಅಂತ ಹೋಗುತ್ತಾರಲ್ಲ, ಅವರಿಗೆ ಬೇಕಾದ ಉತ್ತರ ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ. ಎರಡು ಸಾಧನ ಒಂದೇ ಮಾತು ಹೇಳಿದರೂ ಅದು ಎರಡು ಸಾಕ್ಷಿ ಆಗುವುದಿಲ್ಲ. ಎರಡೂ ನೋಡುವುದು ಆ ನಯವನ್ನೇ. ಅದೇ ರೀತಿ, 'ಈ ಹುಡುಗಿ ಹೋದ ಸೆಮಿಸ್ಟರಲ್ಲೂ ಸಿಕ್ಕಿದ್ದಳು' ಅಂತ ಯಾರಾದರೂ ಅಂದರೆ ನಿಧಾನಿಸಿ. ಬರೆಯುವ ರೀತಿ ಬದಲಾಗದಿದ್ದರೆ ಅವಳು ಪ್ರತಿ ಸಲವೂ ಸಿಗುತ್ತಾಳೆ. ಮೂರು ಸಲ ಸಿಕ್ಕಿದ್ದು ಮೂರು ಪಟ್ಟು ತಪ್ಪು ಅಲ್ಲ.

ಈಗ ಕೆಲಸದ ಮಾತು. ನಿಮ್ಮ ಕಾಲೇಜಿನ ಮಕ್ಕಳ ಮೇಲೆ ನಿಮ್ಮ ಸಾಧನ ಎಷ್ಟು ತಪ್ಪುತ್ತದೆ ಅಂತ ನೀವೇ ಅಳೆಯಬಹುದು. ಕೊರೊನಾ ಕಾಲದಲ್ಲಿ ಎಲ್ಲರೂ ಗೂಗಲ್ ಕ್ಲಾಸ್‌ರೂಮಿಗೆ ಅಸೈನ್‌ಮೆಂಟ್ ಹಾಕಿದ್ದರಲ್ಲ, ಆ ಫೈಲುಗಳು ಯಾರದಾದರೂ ಡ್ರೈವಿನಲ್ಲಿ ಇನ್ನೂ ಬಿದ್ದಿರುತ್ತವೆ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ಕ್ಕೆ. 2020, 21ರಲ್ಲಿ ಬರೆದದ್ದಕ್ಕೆ ಅದರ ಸೋಂಕು ಇರಲು ಸಾಧ್ಯವಿಲ್ಲ. ಅಂಥ 60 ಅಸೈನ್‌ಮೆಂಟ್ ತೆಗೆದುಕೊಳ್ಳಿ, ಆದಷ್ಟು ಅದೇ ಕೋರ್ಸಿನದು. ಹೆಸರು, ರಿಜಿಸ್ಟರ್ ನಂಬರ್ ಅಳಿಸಿ. ಮುಖಪುಟ, ಕೃತಜ್ಞತೆಯ ಪುಟ ಕಿತ್ತುಹಾಕಿ, ಕೃತಜ್ಞತೆಯಂತೂ ಎಲ್ಲರದೂ ಒಂದೇ ಅಚ್ಚು. 300 ಪದಕ್ಕಿಂತ ಕಮ್ಮಿ ಇರುವುದನ್ನು ಬಿಡಿ, ಟರ್ನಿಟಿನ್ ಕೂಡ ಅದನ್ನು ನೋಡುವುದಿಲ್ಲ. ಗೈಡಿನಿಂದ ನಕಲು ಮಾಡಿದ್ದು ಅಂತ ಗೊತ್ತಿದ್ದರೆ ಅದನ್ನೂ ಪಕ್ಕಕ್ಕಿಡಿ. ಉಳಿದದ್ದನ್ನು ಸಾಫ್ಟ್‌ವೇರಿಗೆ ಹಾಕಿ, 30 ದಾಟಿದ್ದು ಎಷ್ಟು ಅಂತ ಎಣಿಸಿ.

ನಾಲ್ಕು ದಾಟಿದವು ಅಂದುಕೊಳ್ಳಿ. 60ಕ್ಕೆ 4, ಸುಮಾರು 7 ಪರ್ಸೆಂಟ್. ಇದು ಸಣ್ಣ ಗುಂಪು, ಹಾಗಾಗಿ ನಿಜವಾದ ಅಂಕೆ 2ರಿಂದ 16ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಒಂದೂ ದಾಟಲಿಲ್ಲ ಅಂದರೂ ಸೊನ್ನೆ ಅಂತ ಬೀಗಬೇಡಿ. ನಮ್ಮಲ್ಲಿ ಮೂರರ ಲೆಕ್ಕ ಅಂತ ಒಂದಿದೆ. 3ನ್ನು 60ರಿಂದ ಭಾಗಿಸಿ, 5 ಪರ್ಸೆಂಟ್ ಬರುತ್ತದೆ. ಒಂದೂ ತಪ್ಪು ಕಾಣದಿದ್ದಾಗಲೂ ತಪ್ಪಿನ ಪ್ರಮಾಣ ಅಷ್ಟರವರೆಗೆ ಇರಬಹುದು ಅಂತ ಅರ್ಥ. 1 ಪರ್ಸೆಂಟ್ ಅಂತ ನಿಮ್ಮ ಕಾಲೇಜಿನ ಮಟ್ಟಿಗೆ ಖಚಿತವಾಗಿ ಹೇಳಬೇಕಾದರೆ 300 ಹಳೆಯ ಅಸೈನ್‌ಮೆಂಟ್ ಬೇಕು, ಅದರಲ್ಲಿ ಒಂದೂ ದಾಟಿರಬಾರದು. ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಪಾಠ ಮಾಡುತ್ತಿದ್ದಾಗ 2014ರಲ್ಲಿ ಮಕ್ಕಳಿಗೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ ಒಂದು ನೋಟ್ಸನ್ನು ಇಂಥ ಸಾಧನಕ್ಕೆ ಹಾಕಿ ನೋಡಿದೆ. 34 ಬಂತು. ನಿಮ್ಮ ಎಚ್‌ಒಡಿಯವರ ಲೆಕ್ಕದಲ್ಲಿ ನನಗೂ ಸೊನ್ನೆ.

ಗೆರೆ ಎಲ್ಲಿ ಹಾಕಬೇಕು ಅನ್ನುವುದು ಬಲೆಯ ಕಣ್ಣಿನ ಥರ. ಕಣ್ಣು ಸಣ್ಣದಾದರೆ ಮರಿಮೀನೂ ಬೀಳುತ್ತದೆ, ದೊಡ್ಡದಾದರೆ ಬಂಗುಡೆಯೂ ನುಸುಳುತ್ತದೆ. ಎರಡೂ ಸರಿಹೋಗುವ ಬಲೆ ಯಾರ ಹತ್ತಿರವೂ ಇಲ್ಲ. ಹಾಗಾಗಿ 30ನ್ನು ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ಮಗುವನ್ನು ಕರೆದು ಮಾತಾಡುವ ಗೆರೆಯಾಗಿ ಮಾತ್ರ. ಪ್ರಾಮಾಣಿಕ ಹುಡುಗಿಯೊಬ್ಬಳನ್ನು ಹತ್ತು ನಿಮಿಷ ಮಾತಾಡಿಸಿದರೆ ಆಗುವ ನಷ್ಟ ಸಣ್ಣದು. ಅವಳಿಗೆ ಸೊನ್ನೆ ಕೊಟ್ಟರೆ ಆಗುವುದು ಸಣ್ಣದಲ್ಲ.

ಆ ಹತ್ತು ನಿಮಿಷ ಹೇಗಿರಬೇಕು ಅಂತಲೂ ಹೇಳುತ್ತೇನೆ, ಹೆಚ್ಚಿನ ಕಡೆ ಕೆಡುವುದು ಅಲ್ಲಿಯೇ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಬೇಡ. 'ನೀನೇ ಬರೆದದ್ದಾ?' ಅಂತ ಕೇಳಬೇಡಿ, ಅದಕ್ಕೆ ಬರುವ ಉತ್ತರದಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಬರಹದ ಒಳಗಿನದ್ದನ್ನು ಕೇಳಿ. ಕಂತು ತಪ್ಪಿದರೆ ಸಂಘದಲ್ಲಿ ಏನು ಮಾಡುತ್ತಾರೆ? ಈ ಲಕ್ಷಣಗಳಲ್ಲಿ ನಿಮ್ಮ ಸಂಘಕ್ಕೆ ಹೊಂದದೇ ಇರುವುದು ಯಾವುದು? ಈ ವ್ಯಾಖ್ಯೆ ಯಾವ ಪುಸ್ತಕದ್ದು? ಉತ್ತರ ಕನ್ನಡದಲ್ಲೋ ತುಳುವಿನಲ್ಲೋ ಇರಲಿ. ಇಂಗ್ಲಿಷಿನಲ್ಲೇ ಹೇಳು ಅಂದರೆ ನೀವು ಪರೀಕ್ಷಿಸುವುದು ಅವಳ ಮಾತಿನ ಧೈರ್ಯವನ್ನು, ಬರಹವನ್ನಲ್ಲ. ಇದರ ಜೊತೆಗೆ 5, 6 ಪರ್ಸೆಂಟ್ ಬಂದ ಇಬ್ಬರು ಮಕ್ಕಳನ್ನೂ ಕರೆದು ಅವರವರ ಬರಹದ ಮೇಲೆ ಇಂಥವೇ ಪ್ರಶ್ನೆ ಕೇಳಿ. ತಾವೇ ಬರೆದವರೂ ಮೂರು ವಾರದಲ್ಲಿ ಎಷ್ಟು ಮರೆತಿರುತ್ತಾರೆ ಅನ್ನುವುದು ಆಗ ತಿಳಿಯುತ್ತದೆ. ಸಾಧ್ಯವಾದರೆ ಯಾರಿಗೆ ಎಷ್ಟು ಬಂದಿದೆ ಅಂತ ಗೊತ್ತಿಲ್ಲದ ಇನ್ನೊಬ್ಬ ಲೆಕ್ಚರರಿಂದ ಕೇಳಿಸಿ. 38 ಅಂತ ಮನಸ್ಸಲ್ಲಿ ಕೂತ ಮೇಲೆ ತಡವರಿಸಿದ್ದೆಲ್ಲ ಕಳ್ಳತನದ ಥರವೇ ಕಾಣುತ್ತದೆ.

ಡ್ರಾಫ್ಟ್ ಇದ್ದರೆ ತರಲು ಹೇಳಿ. ಗೂಗಲ್ ಡಾಕ್ಸಿನಲ್ಲಿ ಬರೆದಿದ್ದರೆ `File`, `Version history`, `See version history` ಒತ್ತಿದರೆ ಬರಹ ದಿನದಿಂದ ದಿನಕ್ಕೆ ಹೇಗೆ ಬೆಳೆಯಿತು ಅಂತ ಕಾಣುತ್ತದೆ. ಸಾಲು ಸಾಲಾಗಿ ಬೆಳೆದಿದ್ದರೆ ಅದು ಅವಳ ಪರವಾದ ಒಳ್ಳೆಯ ಸಾಕ್ಷಿ. ಒಂದೇ ಏಟಿಗೆ ಇಡೀ ಬರಹ ಅಂಟಿಸಿದಂತೆ ಕಂಡರೆ ಅದು ಅವಳ ವಿರುದ್ಧದ ಸಾಕ್ಷಿ ಅಂತ ಮಾತ್ರ ತಿಳಿಯಬೇಡಿ. ಲ್ಯಾಪ್‌ಟಾಪ್ ಇಲ್ಲದ ಮಕ್ಕಳು ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ ತಮಗೆ ತಾವೇ ಮೆಸೇಜ್ ಮಾಡಿಕೊಂಡು ಬರೆದು, ಕೊನೆಗೆ ಸೈಬರಿನಲ್ಲಿ ಅಥವಾ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಅಂಟಿಸುತ್ತಾರೆ. ಹಾಗಿದ್ದರೆ ಆ ವಾಟ್ಸಾಪ್ ಮೆಸೇಜೇ ಡ್ರಾಫ್ಟ್, ತೋರಿಸಮ್ಮ ಅನ್ನಿ. ಕನ್ನಡದಲ್ಲಿ ಬರೆದು ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿದೆ ಅಂತ ಹೇಳಬಹುದು. ಅಂಥ ಬರಹಕ್ಕೂ ಬಣ್ಣ ಬೀಳಬಹುದು. ಅದು ತಪ್ಪಾ? ಅಸೈನ್‌ಮೆಂಟ್ ಕೊಡುವಾಗ ನೀವು ಬೇಡ ಅಂದಿದ್ದರೆ ತಪ್ಪು. ಏನೂ ಹೇಳಿರದಿದ್ದರೆ ಈಗ ನಿಯಮ ಹುಟ್ಟಿಸಲು ಬರುವುದಿಲ್ಲ. ಆ 150 ಪದ ಗೈಡಿನಿಂದ ಎತ್ತಿದ್ದು ಅಂತ ಗೊತ್ತಾದರೆ ಅದು ನಕಲು, ಅದಕ್ಕೆ ನಿಮ್ಮಲ್ಲಿ ಬೇರೆ ನಿಯಮ ಇದೆ, ಗೈಡನ್ನು ಪಕ್ಕದಲ್ಲಿಟ್ಟೇ ತೋರಿಸಬಹುದು. ಎಐ ಅಂಕೆ ಅಲ್ಲಿ ಬೇಕೇ ಆಗುವುದಿಲ್ಲ.

ಇಷ್ಟಾದ ಮೇಲೂ ಗೊತ್ತಾಗಲಿಲ್ಲ ಅನ್ನಿ. ಎಷ್ಟೋ ಸಲ ಹಾಗೇ ಆಗುತ್ತದೆ. ಆಗ ಆ ಬರಹಕ್ಕೆ ಎಷ್ಟು ಯೋಗ್ಯವೋ ಅಷ್ಟು ಅಂಕ ಪೂರ್ತಿ ಹಾಕಿ. ಅರ್ಧ ಕಳೆಯುವುದು ನಿಮಗೆ ರಾಜಿ ಅನ್ನಿಸಬಹುದು, ನನಗೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಅವಳೇ ಬರೆದಿದ್ದರೆ ಅರ್ಧದಷ್ಟು ಅಂಕ ಸುಮ್ನೆ ಕಿತ್ತುಕೊಂಡಂತೆ. ಬರೆಸಿಕೊಂಡಿದ್ದರೆ ಅರ್ಧದಷ್ಟು ಅಂಕ ಸುಮ್ನೆ ಕೊಟ್ಟಂತೆ. ಯಾವ ಕಡೆಯಿಂದ ನೋಡಿದರೂ ತಪ್ಪು. ಕೆಲವರು ತಪ್ಪಿಸಿಕೊಳ್ಳುತ್ತಾರೆ, ನಿಜ. ಎಐ ಬರಹವನ್ನು ಅಲ್ಲಿ ಇಲ್ಲಿ ತಿದ್ದಿ 10ಕ್ಕೆ ಇಳಿಸಿದ ಜಾಣರು ನಿಮ್ಮ ಆ 120ರಲ್ಲಿ ಈಗಾಗಲೇ ಇದ್ದಾರೆ, ಅವರನ್ನು 30ರ ಗೆರೆ ಮುಟ್ಟಲೂ ಇಲ್ಲ. 90ರ ಮೇಲೆ ಬಂದವರನ್ನೂ ಕರೆದು ಇದೇ ರೀತಿ ಮಾತಾಡಿಸಿ. ಅಲ್ಲಿ ಸಾಮಾನ್ಯವಾಗಿ ಎರಡನೇ ಪ್ರಶ್ನೆಗೇ ವಿಷಯ ಹೊರಗೆ ಬರುತ್ತದೆ.

ಎಚ್‌ಒಡಿಯವರಿಗೆ ಬರೆಯುವ ಟಿಪ್ಪಣಿಯಲ್ಲಿ ಅಂಕೆ ಒಂದನ್ನೇ ಹಾಕಬೇಡಿ. ಬಣ್ಣ ಬಿದ್ದ 340 ಪದ ಎಲ್ಲೆಲ್ಲಿ, ಯಾವ ಪ್ರಶ್ನೆ ಕೇಳಿದಿರಿ, ಅವಳು ಏನು ಹೇಳಿದಳು, ಯಾವ ಡ್ರಾಫ್ಟ್ ತೋರಿಸಿದಳು, ಇಷ್ಟನ್ನು ತಾರೀಕು ಹಾಕಿ ಬರೆದು ಅದರ ಒಂದು ಪ್ರತಿ ಅವಳಿಗೂ ಕೊಡಿ. ಮನೆಯವರನ್ನು ಕರೆಸುವ ಯೋಚನೆ ಇದ್ದರೆ ಅದನ್ನು ಈ ಟಿಪ್ಪಣಿ ಮುಗಿಯುವವರೆಗೆ ತಡೆಯಿರಿ. ಹೇಗೂ ಆ ಸಂಘದ ಲೆಕ್ಕಪುಸ್ತಕ ಅವಳ ತಾಯಿಯ ಹತ್ತಿರವೇ ಇರಬಹುದು. ಅಸೈನ್‌ಮೆಂಟಿನಲ್ಲಿ ಬರೆದ ಕಂತಿನ ಅಂಕೆ ಅದರಲ್ಲಿ ಇದೆಯಾ ಅಂತ ಒಂದು ಫೋಟೋ ತರಿಸಿ ನೋಡಿ.